ಮಾಸ್ತರರು ಬಿಟ್ಟು ಓದಿದ ಮಾತು

ಹನ್ನೂರಿನ ಅಮೋಗಸಿದ್ಧ ಸೋಲಾಪುರದ ಸರಕಾರಿ ಕಚೇರಿಯೊಂದರಲ್ಲಿ ಆವಕ-ಜಾವಕದ ಕಾರಕೂನ. ಒಳಗೆ ಬರುವ ಕಾಗದಕ್ಕೆ ಒಂದು ನಂಬರು, ಹೊರಗೆ ಹೋಗುವ ಕಾಗದಕ್ಕೆ ಇನ್ನೊಂದು ನಂಬರು ಹಾಕುವುದು ಅವನ ಕೆಲಸ. ಹನ್ನೊಂದು ವರ್ಷದಲ್ಲಿ ಅವನ ಕೈಯಿಂದ ಒಂದು ಚೀಟಿಯೂ ದಾರಿ ತಪ್ಪಿರಲಿಲ್ಲ. ಸಾಹೇಬರು ಬದಲಾದರು, ಸರಕಾರಗಳು ಬದಲಾದವು, ಅಮೋಗಸಿದ್ಧನ ರಜಿಸ್ಟರು ಮಾತ್ರ ಅಲುಗಲಿಲ್ಲ. ಅಂಥವನು ಜನ್ಮದಲ್ಲಿ ಒಂದೇ ಒಂದು ಸ್ವಂತ ಪತ್ರ ಬರೆದ. ಅದು ಹೆಂಡತಿಗೆ ಮುಟ್ಟುವ ಮೊದಲು ಅಕ್ಕಲಕೋಟೆಯ ಒಂದು ಇಡೀ ಓಣಿಗೆ ಮುಟ್ಟಿತು.

ಹೆಂಡತಿ ಶುಭಾಂಗಿ. ಮರಾಠಿ ಸಾಲೆಯಲ್ಲಿ ಮೂರನೆಯ ಇಯತ್ತೆಗೆ ಪಾಠ ಹೇಳುತ್ತಿದ್ದಳು. ಅವಳ ವರ್ಗದ ಮಕ್ಕಳು ಹದಿನೇಳರ ಮಗ್ಗಿಯನ್ನೂ ನಗುತ್ತ ಹೇಳುತ್ತಿದ್ದವು ಎಂದರೆ ಅವಳೆಂಥವಳೆಂದು ತಿಳಿಯಬೇಕು. ಆದರೆ ಅದು ತಿಂಗಳಿನ ಇಪ್ಪತ್ತು ದಿನದ ಮಾತು. ಉಳಿದ ಹತ್ತು ದಿನ ಅವಳ ಪಾಲಿಗೆ ಬೆಳಕೇ ಇರುತ್ತಿರಲಿಲ್ಲ. ಯಾರೋ ಸುಮ್ಮನೆ ಆಡಿದ ಮಾತು ಎದೆಗೆ ಮುಳ್ಳಾಗಿ ನಾಟುತ್ತಿತ್ತು. ಒಮ್ಮೆ ಸಿಟ್ಟು ಕುದಿದು ಉಕ್ಕಿದರೆ, ಮರುಗಳಿಗೆಗೆ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅಳು. ನಿದ್ದೆ ಬಂದರೆ ಏಳಲಾರದಷ್ಟು, ಬಾರದಿದ್ದರೆ ಕಣ್ಣೇ ಮುಚ್ಚದಷ್ಟು. ಮೈ ಬಾತು ಭಾರ. ಕೈಯಲ್ಲಿ ಖಡು ಹಿಡಿದು ವರ್ಗದ ಕರಿ ಫಳಿಯ ಮುಂದೆ ನಿಂತವಳಿಗೆ ಏನು ಬರೆಯಲು ಬಂದೆ ಎಂಬುದೇ ಮರೆತುಹೋಗುತ್ತಿತ್ತು. ಮುಟ್ಟಾದ ಎರಡನೆಯ ದಿನಕ್ಕೆ ಮಾತ್ರ ಎಲ್ಲ ತಿಳಿ. ಹೊಸಿಲು ದಾಟಿ ಬಂದವಳಂತೆ ಅವಳು ಮನೆಯನ್ನೆಲ್ಲ ನೋಡಿ, "ನಾ ಹಂಗ್ಯಾಕ ಮಾಡಿದ್ನಿರೀ?" ಎಂದು ಕೇಳುತ್ತಿದ್ದಳು. ಉತ್ತರ ಬಾಜೂ ಮನೆಯ ಜಾನಕೀಬಾಯಿಯ ಬಳಿ ಇತ್ತು: "ಪಿತ್ತ! ಬರೇ ಪಿತ್ತ! ಕೋಕಂ ಕುಡಸ್ರಿ."

ಮೂರು ವರ್ಷ ಕೋಕಂ ಕುಡಿದ ಮೇಲೆ ಶುಭಾಂಗಿಯೇ ಒಂದು ದಿನ ಗಂಡನ ಕೈ ಹಿಡಿದು ಡಾಕ್ಟರ ಗಾರ್ಗಿಯವರ ದವಾಖಾನೆಗೆ ಹೋದಳು. ಅವರು ಮನಸ್ಸಿನ ಬೇನೆಯ ಡಾಕ್ಟರು. ರಕ್ತ ತಪಾಸಿಸಿದರು, ಥೈರಾಯ್ಡ್ ನೋಡಿದರು, ಕೊನೆಗೆ ಗೆರೆ ಹಾಕಿದ ಎರಡು ಕಾಗದ ಕೊಟ್ಟರು. ಸಿಟ್ಟು, ದುಃಖ, ಅಂಜಿಕೆ, ನಿದ್ದೆ, ಹಸಿವು ಅಂತ ಸಾಲು ಸಾಲು. ಪ್ರತಿ ಸಾಲಿಗೂ ದಿನಾಲೂ ಒಂದರಿಂದ ಆರರವರೆಗೆ ಅಂಕ. ಎರಡು ತಿಂಗಳು ತುಂಬಬೇಕು. "ನೆನಪಿನ ಮ್ಯಾಲೆ ಹೇಳೂದು ಬ್ಯಾಡ. ಅಂದಂದಿಂದು ಅಂದ ಬರೀರಿ," ಅಂದರು. ಅಮೋಗಸಿದ್ಧ ಆ ನಮೂನೆಯನ್ನು ನೋಡಿ ಬೆರಗಾದ. ಇಂಥ ಚೊಕ್ಕ ರಜಿಸ್ಟರು ಸರಕಾರದಲ್ಲೂ ಇರಲಿಲ್ಲ.

ಎರಡು ತಿಂಗಳ ಮೇಲೆ ಕಾಗದ ಬಿಚ್ಚಿದರೆ ಯಾರಾದರೂ ಓದಬಹುದಿತ್ತು. ಮೊದಲ ಎರಡು ವಾರ ಒಂದು, ಒಂದು, ಎರಡು, ಒಂದು. ಆಮೇಲೆ ಮೂರು, ಐದು, ಆರು, ಆರು. ಮುಟ್ಟಾದ ಮೂರನೆಯ ದಿನ ಮತ್ತೆ ಒಂದು. ಎರಡೂ ತಿಂಗಳು ಅದೇ ಏರು, ಅದೇ ಇಳಿತ.

"ಇದಕ್ಕ ಪಿಎಂಡಿಡಿ ಅಂತಾರ," ಅಂದರು ಡಾಕ್ಟರು. "ಮುಟ್ಟಿನ ಮೊದಲ ಬಹಳ ಮಂದಿಗೆ ಸ್ವಲ್ಪ ತ್ರಾಸ ಇರತದ. ಇದು ಅದಲ್ಲ. ನೂರರಾಗ ನಾಲ್ಕೈದು ಮಂದೀಗೆ ಈ ತರಹ ಸಂಸಾರ, ನೌಕರಿ ಎಲ್ಲಾ ಹಿಡದ ಅಲಗಾಡಸ್ತದ. ನಿಮ್ಮ ಹಾರ್ಮೋನು ಸರಿ ಅವ. ಎಲ್ಲಾರಿಗೂ ಏರಿಳಿದಂಗ ನಿಮಗೂ ಏರಿಳೀತಾವ. ಆದ್ರ ಆ ಏರಿಳಿತಕ್ಕ ನಿಮ್ಮ ಮೆದುಳು ಜಾಸ್ತಿ ನೊಂದುಕೋತದ. ಸ್ವಭಾವ ಅಲ್ಲ, ನಾಟಕ ಅಲ್ಲ, ಗಾಳೀನೂ ಅಲ್ಲ."

ಶುಭಾಂಗಿ ಅಲ್ಲಿಯೇ ಅತ್ತಳು. ಈ ಸಲ ಅದು ಹಗುರಾದ ಅಳು. ಗುಳಿಗೆಯ ಮಾತು ಬಂದಾಗ ಮಾತ್ರ ತಡೆದಳು. ಮನಸ್ಸಿನ ಡಾಕ್ಟರ ಗುಳಿಗೆ ಎಂದರೆ ತವರಿನಲ್ಲಿ ಏನೆಂದಾರು? "ವಿಚಾರ ಮಾಡಿ ಹೇಳತೀನಿ" ಎಂದು ಎದ್ದಳು. ಅಮೋಗಸಿದ್ಧನೋ, ಪಿಎಂಡಿಡಿ ಎಂಬ ನಾಲ್ಕು ಅಕ್ಷರಗಳನ್ನು ಹೊಸ ಸರಕಾರಿ ಯೋಜನೆಯಂತೆ ಬಾಯಿಪಾಠ ಮಾಡಿಕೊಂಡು, ತನಗೆಲ್ಲ ತಿಳಿಯಿತೆಂದು ಮನೆಗೆ ಬಂದ.

ಎಲ್ಲ ತಿಳಿದವನು ಮುಂದಿನ ತಿಂಗಳೇ ಎಡವಿದ. ಅದು ತೊಂಬತ್ತೇಳರ ನವೆಂಬರ, ದಿವಾಳಿ ಸೂಟಿ. ಸಂಜೆ ಅವನು ಮಗಳು ಕೇತಕಿಯ ಕೆಮ್ಮಿನ ಔಷಧ ತರುವುದನ್ನು ಮರೆತು ಬಂದ. ಶುಭಾಂಗಿ ರೇಗಿದಳು. ರೇಗುವಂಥದೇ ಮಾತು. ಅಮೋಗಸಿದ್ಧ ತಪ್ಪಾಯಿತು ಅನ್ನಬಹುದಿತ್ತು, ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಓಡಬಹುದಿತ್ತು. ಅವನು ಗೋಡೆಯ ಕ್ಯಾಲೆಂಡರಿನತ್ತ ತಿರುಗಿ, ಬೆರಳಿನಿಂದ ಎಣಿಸಿ, "ಹಾಂ, ತಾರೀಖು ಬರೋಬ್ಬರಿ ಐತಿ" ಅಂದ.

ಮರುದಿನ ಮುಂಜಾನೆಯ ಎಸ್.ಟಿ. ಬಸ್ಸಿಗೆ ಶುಭಾಂಗಿ ಮಗಳನ್ನು ಕರೆದುಕೊಂಡು ಅಕ್ಕಲಕೋಟೆಯ ತವರಿಗೆ ಹೊರಟುಹೋದಳು.

ಮೂರು ದಿನ ಅವನು ತಾನೇ ಮಾಡಿದ ಭಾಕರಿ ತಿಂದ. ಪ್ರಾಯಶ್ಚಿತ್ತಕ್ಕೆ ಅಷ್ಟೇ ಸಾಕಿತ್ತು. ನಾಲ್ಕನೆಯ ದಿನ ಡಾಕ್ಟರ ಗಾರ್ಗಿಯವರ ಮುಂದೆ ಹೋಗಿ ನಿಂತ.

"ಔಷಧ ಮರತದ್ದು ನೀವು. ಸಿಟ್ಟಾಗಲಿಕ್ಕೆ ಅವರಿಗೆ ಕಾರಣ ಇತ್ತು," ಅಂದರು ಡಾಕ್ಟರು. "ಕಾರಣ ಇದ್ದ ಸಿಟ್ಟಿಗೂ ನೀವು ಕ್ಯಾಲೆಂಡರ ತೋರಿಸಿದ್ರ ಅವರು ಮಾತಾಡೋದಾದ್ರೂ ಯಾವಾಗ? ಬರೇ ಕ್ಷಮಾ ಕೇಳಬ್ಯಾಡ್ರಿ. ಏನ್ ಮಾಡ್ತೀರಿ, ಅದನ್ನ ಹೇಳ್ರಿ."

"ಆತ್ರಿ ಮೇಡಮ್. ಆ... ಅದರ... ಮೊದಲ..."

"ಯಾವುದರ ಮೊದಲ?"

ಅಮೋಗಸಿದ್ಧ ಕಂಪೌಂಡರನನ್ನು ನೋಡಿದ, ಪಂಖವನ್ನು ನೋಡಿದ. ಡಾಕ್ಟರು ಕಾದರು. "ಮುಟ್ಟಿನ ಮೊದಲ್ರಿ," ಎಂದು ಅವನು ಕೊನೆಗೆ ನೆಲಕ್ಕೆ ಹೇಳಿದ. ಹೆಸರು ಹೇಳಲು ನಾಚುವವನು ಬೇನೆಗೆ ಏನು ಸಹಾಯ ಮಾಡಿಯಾನು ಎಂದು ಡಾಕ್ಟರು ಅವನಿಂದ ಆ ಶಬ್ದವನ್ನು ಮೂರು ಸಲ ಹೇಳಿಸಿ ಕಳಿಸಿದರು.

ಅವನು ಪತ್ರ ಬರೆಯಲು ಕೂತ. ಕೂತಲ್ಲಿಯೇ ಎರಡು ಜಾಣತನ ಮಾಡಿದ. ಶುಭಾಂಗಿಯ ತವರಿನಲ್ಲಿ ಮಾತೆಲ್ಲ ಕನ್ನಡ, ಓದೆಲ್ಲ ಮರಾಠಿ; ಆದ್ದರಿಂದ ಕನ್ನಡದಲ್ಲಿ ಬರೆದರೆ ಮತ್ತೊಬ್ಬರು ಓದಲಾರರು. ಶುಭಾಂಗಿಗೆ ಮಾತ್ರ ಅವನೇ ಆರು ವರ್ಷ ಬಸ್ಸಿನ ಬೋರ್ಡು ತೋರಿಸಿ ತೋರಿಸಿ ಅಕ್ಷರ ಕಲಿಸಿದ್ದ. ಇದು ಮೊದಲನೆಯ ಜಾಣತನ. ಎರಡನೆಯದು, ಹನ್ನೂರಿನ ಕನ್ನಡ ಸಾಲೆಯಲ್ಲಿ ನಿಬಂಧಕ್ಕೆ ಬಹುಮಾನ ಪಡೆದವನು ತಾನು ಎಂಬುದು ಆ ಹೊತ್ತಿಗೆ ನೆನಪಾದದ್ದು. ಬೇನೆಯನ್ನು ಬೇನೆ ಎನ್ನುವ ಬದಲು ಅದಕ್ಕೊಂದು ಸಾಹಿತ್ಯದ ಹೆಸರು ಕೊಟ್ಟ: 'ಅತಿಥಿ'. ಅದನ್ನು ಹೆಣ್ಣು ಮಾಡಿ 'ಆಕೆ' ಎಂದೂ ಕರೆದ. ಆದರೆ ಡಾಕ್ಟರಿಗೆ ಕೊಟ್ಟ ಮಾತಿನಂತೆ, ಮುಟ್ಟು ಎಂಬ ಶಬ್ದವನ್ನು ಎಲ್ಲೆಲ್ಲಿ ಬರೆಯಬೇಕೋ ಅಲ್ಲೆಲ್ಲ ದಪ್ಪಗೆ ಬರೆದ. ಅಭ್ಯಾಸಬಲದಿಂದ ಮೇಲೆ ಜಾವಕ ಕ್ರಮಾಂಕ ಹಾಕಿ, 'ವಿಷಯ', 'ಸಂದರ್ಭ' ಎಂದು ಬರೆದು, ನೀಲಿ ಇನ್‌ಲ್ಯಾಂಡನ್ನು ತಾನೇ ಪೆಟ್ಟಿಗೆಗೆ ಹಾಕಿದ.

ಹಾಕಿದ ಮೇಲೆ ತಡೆಯಲಾಗಲಿಲ್ಲ. ನಾಲ್ಕನೆಯ ಶನಿವಾರ ಕಚೇರಿಗೆ ಸೂಟಿ. ಡಾಕ್ಟರು ಬೇರೆಯಾಗಿ ಹೇಳಿದ್ದ ಕ್ಯಾಲ್ಸಿಯಂ ಗುಳಿಗೆಯ ಡಬ್ಬಿ, ಆ ಎರಡು ತಿಂಗಳ ಅಂಕದ ತಖ್ತೆ, ಒಂದು ಡಜನ್ ಬಾಳೆಹಣ್ಣು ಚೀಲಕ್ಕೆ ಹಾಕಿಕೊಂಡು ತಾನೂ ಅಕ್ಕಲಕೋಟೆಯ ಬಸ್ಸು ಹತ್ತಿದ. ಪತ್ರ ಒಂದು ದಿನ ಮೊದಲೇ ಮುಟ್ಟಿರುತ್ತದೆ, ಶುಭಾಂಗಿ ಅದನ್ನು ನಾಲ್ಕು ಸಲ ಓದಿ ಮೆತ್ತಗಾಗಿರುತ್ತಾಳೆ ಎಂಬುದು ಲೆಕ್ಕ. ಟಪಾಲಿನವರ ಲೆಕ್ಕ ಬೇರೆ ಇತ್ತು. ಪತ್ರವೂ ಅವನೂ ಒಂದೇ ಮುಂಜಾನೆ ಓಣಿಗೆ ಬಂದರು. ಪತ್ರ ಅರ್ಧ ತಾಸು ಮುಂದೆ.

ಅತ್ತೆಯ ಮನೆಯ ಮುಂದೆ ಜನ ನಿಂತಿದ್ದರು. ಯಾರೋ ತೀರಿಕೊಂಡರೆಂದು ಅವನು ಓಡಿಕೊಂಡೇ ಬಂದ. ಹಿಂದಿನ ಸಾಲಿನಲ್ಲಿ ಮೆಂತೆಯ ಬುಟ್ಟಿ ಹೊತ್ತ ಬೀರವ್ವ ಎಂಬಾಕೆ ಮುಂಗಾಲಿನ ಮೇಲೆ ನಿಂತಿದ್ದಳು. ಅವನ ಗುರುತು ಆಕೆಗಿರಲಿಲ್ಲ.

"ಏನಾಗೇತ್ರಿ ಯವ್ವಾ?"

"ಪುತಳಾಬಾಯಿ ಅಳಿಯಾ ಸೋಲಾಪುರದಾಗ ಇನ್ನೊಂದ ಇಟ್ಟಾನಂತಪಾ. ಸ್ವತಾ ಅವನಽ ಪತ್ರ ಬರದಾನ. ಮಾಸ್ತರು ಓದಾಕತ್ತಾರ."

"ಛೇ ಛೇ ಛೇ!" ಅಂದ ಅಮೋಗಸಿದ್ಧ, ಮನಸಾರೆ. "ಎಂಥಾ ಮನಿಷ್ಯಾರಿ!"

"ನೋಡಾಕ ಭಾಳ ಸಂಭಾವಿತ ಅದಾನಂತ."

"ಅಂಥಾವ್ರನ್ನಽ ನಂಬಬಾರದ್ರಿ," ಎಂದ ಮೇಲೆ, ಪುತಳಾಬಾಯಿಗೆ ಇರುವವನು ಒಬ್ಬನೇ ಅಳಿಯ ಎಂಬುದು ಅವನಿಗೆ ಹೊಳೆಯಿತು.

ಒಳಗೆ ನಡೆದದ್ದು ಇಷ್ಟು. ಟಪಾಲಿನ ಕಲ್ಲಣ್ಣ ಪತ್ರವನ್ನು ಶುಭಾಂಗಿಯ ತಾಯಿ ಪುತಳಾಬಾಯಿಯ ಕೈಗೆ ಕೊಟ್ಟಿದ್ದ. ಆರು ವರ್ಷದಲ್ಲಿ ಅಳಿಯನಿಂದ ಬಂದ ಮೊದಲ ಪತ್ರ. ಅಂದರೆ ಒಂದೋ ಸಾವು, ಇಲ್ಲವೋ ಹೆಂಡತಿಯನ್ನು ಬಿಟ್ಟೆನೆಂಬ ಸೋಡಚೀಟಿ. ಶುಭಾಂಗಿ ಹಿತ್ತಲಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳು. ಅಲ್ಲಿಯವರೆಗೆ ತಾಯಿಯ ಜೀವ ತಡೆಯಬೇಕಲ್ಲ? ಮಗ ತುಕಾರಾಮ ಒಡೆದ. ಒಡೆದು ನೋಡಿದರೆ ಕನ್ನಡ! ಬಾಜೂ ಮನೆಯ, ಕನ್ನಡ ಸಾಲೆಯ ನಿವೃತ್ತ ಮಾಸ್ತರ ಶಂಕರೆಪ್ಪನವರನ್ನು ಕರೆಸಿದರು. ಮಾಸ್ತರು ಜೋರಾಗಿ ಓದಿದರು, ಏಕೆಂದರೆ ನಲವತ್ತು ವರ್ಷ ಅವರು ಬೇರೆ ತರಹ ಓದಿಯೇ ಇರಲಿಲ್ಲ. ಓಣಿ ಕೂಡಿತು.

ಮಾಸ್ತರ ಶಂಕರೆಪ್ಪನವರು ಸಜ್ಜನರು. ಹೆಂಗಸರ ಮುಂದೆ ತಲೆಯೆತ್ತಿ ಮಾತಾಡಿದವರಲ್ಲ. ಪತ್ರದಲ್ಲಿ ಆ ಒಂದು ಶಬ್ದ ದಪ್ಪಗೆ ಕಂಡ ಕೂಡಲೇ ಅವರು ಕೆಮ್ಮಿ, ಅದಿದ್ದ ಮಾತನ್ನೂ ಅಕ್ಕಪಕ್ಕದ ಸಾಲನ್ನೂ ದಾಟಿ, ಮುಂದಿನದಕ್ಕೆ ಹೋಗುತ್ತಿದ್ದರು. ಅಮೋಗಸಿದ್ಧ ಜನರ ಸಂದಿಯಲ್ಲಿ ನಿಂತು ತನ್ನ ಪತ್ರವನ್ನು ತಾನೇ ಕೇಳಿದ.

"'ವಿಷಯ: ತಿಂಗಳಿಗೊಮ್ಮೆ ನಮ್ಮ ಮನೆಗೆ ಬರುವ ಅತಿಥಿ.' ಹೂಂ. 'ಈ ಅತಿಥಿ ಎಂದರೆ...' ಕ್ಹೆಂ! ಇಲ್ಲಿ ಶಾಯಿ ಹರಡೇತಿ. 'ಆಕೆ ಹತ್ತು ದಿನ ನಮ್ಮ ಮನೆಯಲ್ಲಿ ಇರುತ್ತಾಳೆ.'"

"ಹತ್ತ ದಿನಾ!" ಎಂದಳು ಪುತಳಾಬಾಯಿ.

"'ಆಕೆ ಏನು ಅಂದರೂ ನಾನು ಇನ್ನು ಮುಂದೆ ತಾಳಿಕೊಳ್ಳುತ್ತೇನೆ. ಆಕೆ ಇರುವಷ್ಟು ದಿನ ಅಡುಗೆ ನಾನೇ ಮಾಡುತ್ತೇನೆ. ಬಟ್ಟೆ ನಾನೇ ಒಗೆಯುತ್ತೇನೆ. ಕೇತಕಿಯ ವೇಣಿ ನಾನೇ ಹಾಕುತ್ತೇನೆ.'"

"ಅಕೀಗೆ ಅಡಗಿ ಮಾಡಿ ಹಾಕ್ತಾನಂತ!" ಹೆಂಗಸರಲ್ಲಿ ಒಂದು ಅಲೆ ಎದ್ದಿತು. ಸಿಟ್ಟಿನ ಅಲೆಯೇ, ಆದರೆ ಒಂದಿಬ್ಬರ ದನಿಯಲ್ಲಿ ಬೇರೆ ಏನೋ ಇತ್ತು. "ಬಟ್ಟಿನೂ ಒಗೀತಾನಂತ?" ಎಂದು ತುಕಾರಾಮನ ಹೆಂಡತಿ ಬಾಗಿಲ ಮರೆಯಿಂದ ಕೇಳಿ ಗಂಡನ ಕಡೆ ನೋಡಿದಳು.

"'ಮನೆ ಬಿಡುವುದು, ನೌಕರಿ ಬಿಡುವುದು, ನನ್ನನ್ನು ಬಿಡುವುದು, ಇಂಥ ದೊಡ್ಡ ನಿರ್ಧಾರವನ್ನು...' ಕ್ಹೆಂ, ಕ್ಹೆಂ! ಶಾಯಿ. '...ಇಬ್ಬರೂ ಕೂಡಿ ಮಾಡೋಣ.'"

"ಸೋಡಚೀಟಿ!" ಎಂದ ತುಕಾರಾಮ. "ನಾ ಹೇಳಿರಲಿಲ್ಲೇನು ಆಯೀ?"

"'ಡಾಕ್ಟರು ಹೇಳಿದ ಗುಳಿಗೆಯನ್ನು ದಿನಾಲೂ, ಅಥವಾ...' ಶಾಯಿ. '...ಹದಿನಾಲ್ಕು ದಿನ ತೆಗೆದುಕೊಂಡರೆ ಸಾಕು.'"

"ಹದಿನಾಕ ದಿನದಾಗ ಮುಗಸ್ತಾನ ನನ್ನ ಮಗಳನ್ನ!" ಪುತಳಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಟಪಾಲಿನ ಕಲ್ಲಣ್ಣನಿಗೆ ಇನ್ನು ತಡೆಯಲಿಲ್ಲ. ಅವನ ನೋವು ಬೇರೆ. "ಮಾಸ್ತರ, ಘಳಿಗಿಗೊಮ್ಮೆ ಶಾಯಿ ಹರಡೇತಿ ಅಂತೀರಿ. ನಮ್ಮ ಖಾತೇದಾಗ ಪತ್ರ ತೋಯಿಸೂದಿಲ್ರಿ! ಕೊಡ್ರಿಲ್ಲೆ, ನೋಡೂಣು."

ಆ ಹೊತ್ತಿಗೆ ಒಳಗಿಂದ ಬಂದ ಕೇತಕಿ ಗುಂಪಿನ ಕಾಲುಗಳ ನಡುವೆ ನೋಡಿ, ಪರಿಚಯದ ಪ್ಯಾಂಟೊಂದನ್ನು ಗುರುತಿಸಿ, "ಪಪ್ಪಾ!" ಎಂದು ಕಿರುಚಿದಳು.

ಜನ ಎರಡು ಪಾಲಾಗಿ ಸರಿದರು. ನಡುವೆ ಅಮೋಗಸಿದ್ಧ, ಕೈಯಲ್ಲಿ ಬಾಳೆಹಣ್ಣು. ಬೀರವ್ವ ಅವನನ್ನು ಮೇಲಿಂದ ಕೆಳಗೆ ನೋಡಿ, "ಏ ಯಪ್ಪಾ, ನನ್ನ ಮುಂದ ಛೇ ಛೇ ಅಂತಿದ್ನಲ್ಲವಾ!" ಅಂದಳು.

ತುಕಾರಾಮ ದಾಜಿಯ, ಅಂದರೆ ಅಕ್ಕನ ಗಂಡನ, ಕೈಯಿಂದ ಚೀಲ ಕಸಿದು ಕಟ್ಟೆಯ ಮೇಲೆ ಸುರುವಿದ. ಗುಳಿಗೆಯ ಡಬ್ಬಿ ಉರುಳಿತು. ಜನ ಹೌಹಾರಿ ಹಿಂದೆ ಸರಿದರು. ತಖ್ತೆ ಬಿಚ್ಚಿಕೊಂಡಿತು. "ಇವು ಎಂಥಾ ನಂಬರೋ? ಐದು, ಆರು, ಆರು? ಮಟಕಾನೂ ಆಡ್ತೀರೇನು ದಾಜೀ?"

"ತುಕಾರಾಮ, ಹಂಗಲ್ಲೋ. ಅತ್ತೀ, ಕೇಳ್ರಿಲ್ಲೆ. ಅತಿಥಿ ಅಂದ್ರ ಹೆಂಗಸಲ್ರಿ. ಅದು... ತಿಂಗಳಾ... ಅದರ ಮೊದಲ..."

"ಯಾವುದರ ಮೊದಲ?"

ಪತ್ರದಲ್ಲಿ ಐದು ಸಲ ಬರೆದ ಶಬ್ದ. ಡಾಕ್ಟರ ಮುಂದೆ ಮೂರು ಸಲ ಹೇಳಿದ ಶಬ್ದ. ಅತ್ತೆ, ಓಣಿ, ಮಾಸ್ತರು, ಟಪಾಲು ಖಾತೆ ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಅಮೋಗಸಿದ್ಧನ ತುಟಿಗಳು ಅಲುಗಿದವು. ಬಂದದ್ದು ಕೆಮ್ಮು. ಅದೂ ಮಾಸ್ತರರ ಕೆಮ್ಮೇ. ಆ ಇಬ್ಬರು ಗಂಡಸರು ಒಬ್ಬರನ್ನೊಬ್ಬರು ಒಮ್ಮೆ ದೈನ್ಯದಿಂದ ನೋಡಿಕೊಂಡರು.

"ಪತ್ರ ಯಾರ ಹೆಸರಿಗೆ ಐತಿ?" ಎಂಬ ದನಿ ಕೇಳಿತು.

ಶುಭಾಂಗಿ ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಮುಟ್ಟಾಗಿ ಎರಡು ದಿನವಾಗಿತ್ತು. ಮುಖ ತಿಳಿಯಾಗಿತ್ತು, ಮೂರನೆಯ ಇಯತ್ತೆಯ ಮಕ್ಕಳು ಕಂಡರೆ ತಟ್ಟನೆ ಕೂಡುವಂಥ ಮುಖ. ಓಣಿಯೂ ಕೂತಿತು.

"ನಿಮ್ಮ ಹೆಸರಿಗೆ ಐತ್ರಿ ಬಾಯಾರ," ಎಂದ ಕಲ್ಲಣ್ಣ. "ನಿಯಮದ ಪ್ರಕಾರ ನಿಮ್ಮ ಕೈಯಾಗಽ ಇರಬೇಕಿತ್ತು." ಮಾಸ್ತರರ ಕೈಯಿಂದ ಪತ್ರ ತೆಗೆದು, ಮೊದಲ ಸಲ ಬಟವಾಡೆ ಮಾಡುವವನಂತೆ ಅವಳಿಗೆ ಕೊಟ್ಟ.

ಅವಳ ಕನ್ನಡ ಬಸ್ಸಿನ ಬೋರ್ಡಿನ ಕನ್ನಡ. ಬೆರಳಿಟ್ಟುಕೊಂಡು, ಅಕ್ಷರಕ್ಕೆ ಅಕ್ಷರ ಕೂಡಿಸಿ, ದೊಡ್ಡದಾಗಿಯೇ ಓದಿದಳು. ಇಷ್ಟೊತ್ತು ತಪ್ಪಾಗಿ ಕೇಳಿದವರು ಸರಿಯಾಗಿಯೂ ಕೇಳಲಿ ಎಂಬಂತೆ.

"'ಈ ಅತಿಥಿ ಎಂದರೆ, ನಿನ್ನ ಮು-ಟ್ಟಿ-ಗೆ, ಮುಟ್ಟಿಗೆ ಹತ್ತು ದಿನ ಮೊದಲು ಬಂದು, ಮುಟ್ಟಾದ ಎರಡು ಮೂರು ದಿನಕ್ಕೆ ಹೋಗುವ ನಿನ್ನ ಬೇನೆ.'"

ಮಾಸ್ತರು ಆಕಾಶದಲ್ಲಿ ಹೋಗುವ ಗಿಡುಗವನ್ನು ಗಮನಿಸತೊಡಗಿದರು. ಶುಭಾಂಗಿ ನಿಲ್ಲಲಿಲ್ಲ.

"'ನಿನ್ನ ಸಿಟ್ಟೆಲ್ಲ ಆ ಬೇನೆಯದಲ್ಲ. ನಾನು ತಪ್ಪು ಮಾಡಿದಾಗ ಬರುವ ಸಿಟ್ಟು ನಿನ್ನದೇ. ಇನ್ನು ಮೇಲೆ ಜಗಳದ ನಡುವೆ ಕ್ಯಾಲೆಂಡರ ನೋಡುವುದಿಲ್ಲ. ಮುಟ್ಟಿನ ದಿನ ಯಾವಾಗ ಎಂದು ಕೇಳುವುದಿಲ್ಲ. ನಿನಗೆ ಅನ್ನಿಸಿದರೆ ನೀನೇ ಹೇಳು, ಇಲ್ಲವೇ ಅಡಿಗೆಮನೆಯ ಮೊಳೆಗೆ ಕೆಂಪು ರಿಬ್ಬನ್ ಕಟ್ಟು. ನಾನು ತಿಳಿದುಕೊಳ್ಳುತ್ತೇನೆ. ಮನೆ ಬಿಡುವುದು, ನೌಕರಿ ಬಿಡುವುದು, ನನ್ನನ್ನು ಬಿಡುವುದು, ಇಂಥ ದೊಡ್ಡ ನಿರ್ಧಾರವನ್ನು ಮುಟ್ಟು ಕಳೆದು ಮನಸ್ಸು ತಿಳಿಯಾದ ಮೇಲೆ ಇಬ್ಬರೂ ಕೂಡಿ ಮಾಡೋಣ. ಆಗಲೂ ಬಿಡಬೇಕೆನಿಸಿದರೆ ನಾನು ಕೇಳುತ್ತೇನೆ.'"

ಪುತಳಾಬಾಯಿ ಬಾಯಿಯಿಂದ ಸೆರಗು ತೆಗೆದಳು.

"'ಚಹಾ ಕಡಿಮೆ ಮಾಡಬೇಕೆಂದು ಡಾಕ್ಟರು ಹೇಳಿದ್ದಾರೆ. ನಾನೂ ಕುಡಿಯುವುದಿಲ್ಲ. ಸಂಜೆ ಅರ್ಧ ತಾಸು ನಡೆಯಬೇಕು. ನಾನೂ ಬರುತ್ತೇನೆ, ಮಾತು ಬೇಡವೆಂದರೆ ಹಿಂದೆ ಬರುತ್ತೇನೆ. ಡಾಕ್ಟರು ಹೇಳಿದ ಗುಳಿಗೆಯನ್ನು ದಿನಾಲೂ, ಅಥವಾ ಮುಟ್ಟಿಗೆ ಮೊದಲಿನ ಹದಿನಾಲ್ಕು ದಿನ ತೆಗೆದುಕೊಂಡರೆ ಸಾಕು. ಮೊದಲಿಗೆ ಹೊಟ್ಟೆ ತೊಳಸಬಹುದು, ನಿದ್ದೆ ಕೆಡಬಹುದು. ತೆಗೆದುಕೊಳ್ಳುವುದು ಬಿಡುವುದು ನಿನ್ನ ಇಚ್ಛೆ. ನಾನು ಗುಳಿಗೆ ಎಣಿಸುವುದಿಲ್ಲ.'"

ಅವಳ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಮುಂದಿನದನ್ನು ಅವಳು ಸಣ್ಣ ದನಿಯಲ್ಲಿ ಓದಿದಳು. ಆದರೆ ಅಷ್ಟು ಹೊತ್ತಿಗೆ ಓಣಿಯೆಲ್ಲ ಕಟ್ಟೆಯ ಹತ್ತಿರಕ್ಕೆ ಸರಿದಿತ್ತು.

"'ಬದುಕುವುದೇ ಬೇಡ ಎಂದು ನಿನಗೆ ಅನ್ನಿಸುತ್ತದೆಂದು ನೀನು ಡಾಕ್ಟರ ಮುಂದೆ ಹೇಳಿದೆ. ಮೂರು ವರ್ಷ ನನ್ನ ಮುಂದೆ ಹೇಳಲಿಲ್ಲ. ಇನ್ನು ಮೇಲೆ ಹಾಗೆ ಅನ್ನಿಸಿದ ದಿನ ನನಗೆ ಹೇಳು. ಹುಚ್ಚಿ ಅನ್ನುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಕಚೇರಿ ಬಿಟ್ಟು ಬರುತ್ತೇನೆ, ಡಾಕ್ಟರಿಗೆ ಫೋನ್ ಮಾಡುತ್ತೇನೆ, ಅದು ಇಳಿಯುವ ತನಕ ನಿನ್ನನ್ನು ಒಬ್ಬಳನ್ನೇ ಬಿಡುವುದಿಲ್ಲ. ನಿನ್ನ ವಿಶ್ವಾಸು, ಅಮೋಗಸಿದ್ಧ, ಆವಕ-ಜಾವಕ.'"

ಪುತಳಾಬಾಯಿ ಮಗಳ ಹತ್ತಿರ ಹೋಗಿ, ಒದ್ದೆ ಟವೆಲಿನ ಮೇಲೆ ಕೈಯಿಟ್ಟಳು. "ಸಾಯಬೇಕು ಅನ್ನಸ್ತಿತ್ತಽ ನಿನಗ? ನನಗೂ ಹೇಳಲಿಲ್ಲಲ್ಲ ಮಗಳಽ. ನಾ ನಿನ್ನ ಸೋಮವಾರ ಗಾಳಿ ಬಿಡಸೂ ದೇವರಿಷಿ ಕಡೆ ಕರಕೊಂಡು ಹೋಗಾಕ ನಿಂತಿದ್ನಿ."

"ಹೇಳಿದ್ರ ಅವತ್ತಽ ಒಯ್ಯತಿದ್ದಿ, ಆಯಿ," ಅಂದಳು ಶುಭಾಂಗಿ. ತಾಯಿಯೂ ಮಗಳೂ ಅಳುತ್ತಲೇ ನಕ್ಕರು.

ಆಮೇಲೆ ಅವಳು ಗಂಡನ ಕಡೆ ತಿರುಗಿದಳು. ಅವನು ಚೆಲ್ಲಿದ ಬಾಳೆಹಣ್ಣು ಆರಿಸುತ್ತಿದ್ದ.

"ಗುಳಿಗಿ ನಾ ತಗೋತೀನಿ. ನೀವು ಬರದ್ರಿ ಅಂತಲ್ಲ. ಎಲ್ಲಾರಿಗೂ ತಿಂಗಳಿಗೆ ಮೂವತ್ತ ದಿನಾ ಸಿಗತಾವ. ನನಗೂ ಮೂವತ್ತು ಬೇಕು."

"ಆತು."

"ಮತ್ತ ಅತಿಥಿ ಗಿತಿಥಿ ಅಂತ ಬರೀಬ್ಯಾಡ್ರಿ. ಬ್ಯಾನಿಗೆ ಬ್ಯಾನಿ ಅನ್ರಿ. ನೋಡ್ರಿ, ಎಷ್ಟು ಮಂದಿ ಊಟಕ್ಕ ಕುಂತಾರ ನಿಮ್ಮ ಅತಿಥಿ ಸಲವಾಗಿ."

ಓಣಿ ಚದುರಿತು. ಮಾಸ್ತರು ಅಮೋಗಸಿದ್ಧನ ಹತ್ತಿರ ಬಂದು, "ವ್ಯಾಕರಣ ಛಲೋ ಐತಿ ನಿಂದು" ಎಂದಷ್ಟೇ ಹೇಳಿ, ಬೇಗ ಬೇಗ ಹೊರಟುಹೋದರು. ಬೀರವ್ವ ಮಾತ್ರ ಬುಟ್ಟಿ ಇಳಿಸಿ ಶುಭಾಂಗಿಯ ಕಿವಿಯಲ್ಲಿ, "ಆ ಡಾಕ್ಟರಬಾಯಿ ದವಾಖಾನಿ ಎಲ್ಲಿ ಐತಿ ಯವ್ವಾ? ನನ್ನ ಸೊಸೀಗೆ ಬೇಕಿತ್ತು" ಎಂದು ಕೇಳಿದಳು.

ಪತ್ರ ಬರೆಯುವುದು ಒಂದು, ಅದರಂತೆ ನಡೆಯುವುದು ಇನ್ನೊಂದು. ಸೋಲಾಪುರಕ್ಕೆ ಬಂದ ಮೇಲಿನ ಮೊದಲ ತಿಂಗಳು ಅಮೋಗಸಿದ್ಧನ ತಾಳ್ಮೆ ಅತಿಯಾಯಿತು. ರಿಬ್ಬನ್ ಕಂಡ ಕೂಡಲೇ ಅವನು ಮನೆಯಲ್ಲಿ ಬೆಕ್ಕಿನ ಹೆಜ್ಜೆ ಇಡತೊಡಗಿದ; ಏನು ಕೇಳಿದರೂ "ಆತು, ಆತು" ಅಂದ. ಮೂರನೆಯ ದಿನ ಶುಭಾಂಗಿ ಲಟ್ಟಣಿಗೆ ನೆಲಕ್ಕೆ ಕುಕ್ಕಿ, "ಹೆಣದ ಮುಂದ ಕುಂತಂಗ ಕುಂದರಬ್ಯಾಡ್ರಿ! ಒಂದರೆ ಮಾತಾಡ್ರಿ!" ಎಂದಳು. ಅವನು ಹೆದರಿ, ಅಂದು ಕಚೇರಿಗೆ ಬಂದ ಹದಿನೇಳು ಟಪಾಲುಗಳ ವಿಷಯವನ್ನು ಒಂದೊಂದಾಗಿ ಹೇಳಿದ. ಅವಳು ಅದನ್ನೂ ಸಹಿಸಿದಳು. ಇಬ್ಬರಲ್ಲಿ ಹೆಚ್ಚು ತಾಳ್ಮೆ ಯಾರದೆಂದು ಹೇಳುವುದು ಕಷ್ಟ. ಅವನು ಹಾಕಿದ ವೇಣಿಯಲ್ಲಿ ಕೇತಕಿ ಸಾಲೆಗೆ ಹೋದಾಗ ಪಾಠ ಹೇಳುವ ಬಾಯಿಯೊಬ್ಬರು, "ಬಿದ್ದಿಯೇನವಾ?" ಎಂದು ಕೇಳಿದರಂತೆ.

ಗುಳಿಗೆ ಮೊದಲ ವಾರ ಹೊಟ್ಟೆ ತೊಳಸಿತು. ಅವಳು ಬಿಡಲಿಲ್ಲ. ತಖ್ತೆ ತುಂಬುವುದನ್ನೂ ಬಿಡಲಿಲ್ಲ. ಎರಡನೆಯ ತಿಂಗಳು ಆರರ ಜಾಗದಲ್ಲಿ ನಾಲ್ಕು ಬಂದವು. ಮೂರನೆಯ ತಿಂಗಳು ಮೂರು, ಎರಡು. ನಡುವೆ ಎಲ್ಲೋ ಒಂದು ಐದು. "ಪೂರಾ ಹೋಗಿಲ್ಲ," ಎಂದರು ಡಾಕ್ಟರು, "ಆದ್ರ ಈಗ ಇದರ ಜೋಡಿ ನೀವು ಬದುಕಬಹುದು. ಹೌದಲ್ಲೋ?" ಶುಭಾಂಗಿ ಹೌದೆಂದಳು. ಗಣಿತದ ಪರೀಕ್ಷೆಯನ್ನು ಆ ಸಲ ಅವಳು ಒಂದೂ ದಿನ ರಜೆ ಹಾಕದೆ ಮುಗಿಸಿದ್ದಳು.

ಆ ಒಂದು ಐದು ಬಂದ ದಿನ ಸಂಜೆ ತುಕಾರಾಮ ಸೋಲಾಪುರಕ್ಕೆ ಬಂದ. ಹೊಸಿಲಲ್ಲಿ ಚಪ್ಪಲಿ ಬಿಟ್ಟು, ಮುಖ ಕೆಳಗೆ ಹಾಕಿ ನಿಂತ. ಅಮೋಗಸಿದ್ಧನ ಮೊಳಕೈವರೆಗೆ ಜೋಳದ ಹಿಟ್ಟು.

"ದಾಜೀ, ಒಂದ ಕೆಲಸಾ ಇತ್ತು. ಆ ಪತ್ರದಂಥಾದ್ದು ನನಗೊಂದು ಬರದಕೊಡ್ರಿ."

"ಯಾಕೋ? ನಿನ್ನ ಹೇಣ್ತೀಗೂ ಬ್ಯಾನಿ ಐತೇನು?"

"ಇಲ್ರಿ. ಗಟ್ಟಿ ಅದಾಳ. 'ಬ್ಯಾನಿ ಇರಲಿ ಬಿಡಲಿ, ಅಂಥಾ ಪತ್ರಾ ನನಗೂ ಬೇಕು' ಅಂತಾಳ್ರಿ. ಓಣ್ಯಾಗ ಎಲ್ಲಾ ಹೆಂಗಸರೂ ಹಂಗಽ ಅನ್ನಾಕತ್ತಾರ. ನನಗ ಬರಿಯಾಕ ಬರೂದಿಲ್ಲ. ನೀವು ಬರೀರಿ, ನಾ ಸಹೀ ಮಾಡ್ತೀನಿ."

ನಿಬಂಧಕ್ಕೆ ಬಹುಮಾನ ಪಡೆದವನಿಗೆ ಇದಕ್ಕಿಂತ ದೊಡ್ಡ ಮನ್ನಣೆ ಯಾವುದು? ಅಮೋಗಸಿದ್ಧನ ಕಣ್ಣು ಒಂದು ಗಳಿಗೆ ಪೆನ್ನಿನ ಕಡೆ ಹೋಯಿತು. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಶುಭಾಂಗಿಯ ದನಿ ಬಂತು, ದಣಿದ ದನಿ.

"ರೀ... ಇವತ್ತ ಬದುಕೂದು ಬ್ಯಾಡ ಅನ್ನಾಕತ್ತದ ಮನಸ್ಸು."

ಅಮೋಗಸಿದ್ಧ ಹೌಹಾರಲಿಲ್ಲ, ದೇವರ ಹೆಸರು ಹೇಳಲಿಲ್ಲ. "ಬಂದ್ನಿ ಶುಭಾ" ಎಂದು ಕೂಗಿ, ಕೈಯ ಹಿಟ್ಟನ್ನು ಪರಾತದ ಅಂಚಿಗೆ ಒರೆಸಿದ. "ಹೇಳಿದ್ಯಲ್ಲ, ಛಲೋ ಮಾಡಿದಿ. ಡಾಕ್ಟರಿಗೆ ಫೋನ್ ಮಾಡ್ರಿ ಅಂತ ಜಾನಕೀಬಾಯಿಗೆ ಹೇಳಾಕ ಕೇತಕೀನ್ನ ಕಳಸ್ತೀನಿ. ನಾ ನಿನ್ನ ಕಡೇನಽ ಕುಂದರತೀನಿ."

ಒಳಗೆ ಹೋಗುವವನನ್ನು ತುಕಾರಾಮ ಪಿಸುಮಾತಿನಲ್ಲಿ ತಡೆದ. "ದಾಜೀ, ನಾ ಏನ್ ಮಾಡ್ಲಿ? ಪತ್ರ..."

ಅಮೋಗಸಿದ್ಧ ಹಿಟ್ಟಿನ ಪರಾತವನ್ನು ಅವನ ಕಡೆ ಸರಿಸಿದ.

"ಬರಿಯೂದು ಆಮ್ಯಾಲೆ. ಇದನ್ನ ನಾದು."

ಶುಭಾಂಗಿಯ ತಮ್ಮ ತುಕಾರಾಮ, ಅಕ್ಕಲಕೋಟೆಯ ಇಡೀ ಓಣಿಯ ಮುಂದೆ ದಾಜಿಯ ಚೀಲ ಸುರುವಿದವನು, ತೋಳು ಮಡಚಿ, ಜನ್ಮದಲ್ಲಿ ಮೊದಲ ಸಲ ಜೋಳದ ಹಿಟ್ಟಿಗೆ ಕೈ ಹಾಕಿದ.